ಎಲ್ಲಿಗೆ?

ನವಲಗುಂದದ ಹತ್ತಿರದ ನಮ್ಮೂರಿನಿಂದ ಅಣ್ಣನ ಮಗ ನೌಕರಿಗೆಂದು ಬೆಂಗಳೂರಿಗೆ ಬಂದ. ಮಾರತ್ತಹಳ್ಳಿಯಲ್ಲಿ ಪಿ.ಜಿ., ಬೆಳ್ಳಂದೂರಿನಲ್ಲಿ ಕೆಲಸ. ನಾನಿರುವುದು ರಾಜಾಜಿನಗರ. ಟ್ರಾಫಿಕ್ಕಿನ ಲೆಕ್ಕ ಹಿಡಿದರೆ ಅವನಿಗೆ ನನಗಿಂತ ಹೊಸೂರೇ ಹತ್ತಿರ. ಹಾಗಾಗಿ ಮೊದಲ ವಾರದ ಕಾಕಾತನವನ್ನೆಲ್ಲ ಫೋನಿನಲ್ಲೇ ನಡೆಸಿದೆ.

ನಮ್ಮೂರಿನ ಬಸ್ಸು ಅಗಸಿ ಮುಂದೆ ಬಂದು ಅಲ್ಲೇ ಹೊರಳಿಕೊಂಡು ಹೋಗುತ್ತದೆ. ಇಳಿದ ಜಾಗದಲ್ಲೇ ಹತ್ತಿದರಾಯಿತು. ಅದೇ ಧೈರ್ಯದ ಮೇಲೆ ಇವನು ಹೊರವರ್ತುಲ ರಸ್ತೆಯಲ್ಲಿ ಪಿ.ಜಿ. ಬದಿಯ ಸ್ಟಾಪಿನಲ್ಲೇ ನಿಂತು 500ಡಿ ಹತ್ತಿದ್ದಾನೆ. ನಂಬರು ಸರಿಯೇ. ಆದರೆ ಆ ನಂಬರು ಸಿಲ್ಕ್ ಬೋರ್ಡಿಗೂ ಹೋಗುತ್ತದೆ, ಹೆಬ್ಬಾಳಕ್ಕೂ ಹೋಗುತ್ತದೆ. ರಸ್ತೆಯ ಯಾವ ಬದಿ ನಿಂತಿರಿ ಅನ್ನುವುದರ ಮೇಲೆ ನಿಮ್ಮ ಗತಿ. ಗದ್ದಲದಲ್ಲಿ ಕಂಡಕ್ಟರು ಇವನ ಹತ್ತಿರ ಬರುವಷ್ಟರಲ್ಲಿ ಟಿನ್ ಫ್ಯಾಕ್ಟರಿ ದಾಟಿತ್ತು.

“ಎಲ್ಲಿಗೆ?”

“ಬೆಳ್ಳಂದೂರ್ರೀ.”

“ಆ ಕಡೆ ನಿಲ್ಬೇಕಿತ್ತಪ್ಪ! ಇಳ್ಕೊಂಡು ಸ್ಕೈವಾಕ್ ಹತ್ತು.”

ರಾತ್ರಿ ಫೋನಿನಲ್ಲಿ ಇವನ ಸಂಭ್ರಮವೇ ಸಂಭ್ರಮ. “ಕಾಕಾ, ಬೈಲಿಲ್ಲ ಅಂವಾ. ‘ಅಪ್ಪ’ ಅಂದಾ!”

ಆಗ ಅರ್ಥವಾಯಿತು. ಊರಲ್ಲಿ ಮನೆ ಬಿಟ್ಟು ಬಸ್‌ಸ್ಟ್ಯಾಂಡು ಮುಟ್ಟುವುದರೊಳಗೆ ಕಟ್ಟೆಕಟ್ಟೆಗೂ “ಎಲ್ಲಿಗ್ ಹೊಂಟೀಯೋ?” ಕೇಳುತ್ತಾರೆ. ಇಲ್ಲಿ ಕೇಳುವವನು ಕಂಡಕ್ಟರೊಬ್ಬನೇ. ಪಿ.ಜಿ.ಯ ರೂಮ್‌ಮೇಟ್ ಕಿವಿಯಿಂದ ಇಯರ್‌ಫೋನ್ ತೆಗೆಯುವುದು ಸ್ನಾನಕ್ಕೆ ಹೋಗುವಾಗ ಮಾತ್ರ. ಹಾಗಾಗಿ ಹುಡುಗ ಉಪಾಯ ಮಾಡಿದ. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಸಂಬಂಧ ಅಲ್ಲಿಗೆ ಮುಗಿಯಿತು. ದೊಡ್ಡ ನೋಟು ಕೊಟ್ಟರೆ ಕಂಡಕ್ಟರು ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಾನೆ, ಇಳಿಯುವ ತನಕ ಎರಡು ಮೂರು ಸಲ ಮಾತಾಡಲೇಬೇಕಾಗುತ್ತದೆ!

ಊಟದ ಗೋಳು ಬೇರೆ. ದರ್ಶಿನಿಯಲ್ಲಿ ಟೋಕನ್ ಕೊಟ್ಟು, ತಟ್ಟೆ ಹಿಡಿದು, ನಿಂತೇ ತಿನ್ನಬೇಕು. “ಕಾಕಾ, ಸಾಂಬಾರಿಗೆ ಬೆಲ್ಲ ಹಾಕ್ಯಾರ. ಹಬ್ಬ ಏನರ ಐತೇನು?” ಪಿ.ಜಿ.ಯಲ್ಲಿ ಮೂರು ಹೊತ್ತೂ ಅನ್ನದ್ದೇ ಅವತಾರಗಳು. ಅವ್ವ ಕಟ್ಟಿಕೊಟ್ಟ ಕಟಕು ರೊಟ್ಟಿ, ಶೇಂಗಾ ಚಟ್ನಿಪುಡಿ ಗುರುವಾರಕ್ಕೇ ಖಾಲಿ.

ಶನಿವಾರ ಒಂದು ಖಾನಾವಳಿ ಸಿಕ್ಕಿತಂತೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಮೇಲೆ ಗಟ್ಟಿ ಮೊಸರು. ಮಾಲಕರು ರೊಟ್ಟಿ ಹಾಕುತ್ತ “ಯಾವೂರು ತಮ್ಮಾ?” ಅಂದಿದ್ದೇ ಇವನ ಕಣ್ಣು ತುಂಬಿತಂತೆ. ಖಾರ ಜಾಸ್ತಿ ಇತ್ತು ಅನ್ನುವುದು ಅವನ ವಾದ. ಅವರದು ನರಗುಂದ; ಅವರ ತಂಗಿಯನ್ನು ಕೊಟ್ಟದ್ದು ನಮ್ಮೂರ ಪಕ್ಕದ ಹಳ್ಳಿಗೇ. ಎರಡನೇ ರೊಟ್ಟಿಗೆ ಹೊಲ ಎಷ್ಟು ಎಕರೆ ಎಂದರು. ಮೂರನೆಯದಕ್ಕೆ ಪಗಾರ ಎಷ್ಟು ಎಂದರು. ಮೊಸರಿಗೆ ಬರುವಷ್ಟರಲ್ಲಿ, ಲಗ್ನದ ವಿಚಾರ ಏನರ ಐತೇನು ಎಂದು ಕೇಳಿ ನಮ್ಮಣ್ಣನ ಫೋನ್ ನಂಬರನ್ನೂ ಬರೆದುಕೊಂಡರು.

ಭಾನುವಾರ ಬೆಳಿಗ್ಗೆ ಮತ್ತೆ ಫೋನು. “ಕಾಕಾ, ರೊಟ್ಟಿ ಊಟ ಸಿಗೂದು ಇನ್ನೊಂದ್ ಖಾನಾವಳಿ ಎಲ್ಲರ ಐತೇನು? ಮಾಲಕರು ಮಾತಾಡ್ಲಾರದ್ದು?”