ಮದುಮಗನ ಹಳೆಯ ಗೆಳೆಯರಿಗೆ ಮೈಕ್ ಸೆಟ್ಟಿನವನ ಬಿನ್ನಹ

ಮದುಮಗನ ಅತ್ಯಂತ ಹಳೆಯ, ಅತ್ಯಂತ ಆತ್ಮೀಯ, ‘ಎರಡೇ ನಿಮಿಷ ಮಾತಾಡ್ತೇನೆ’ ಎಂದು ಮೈಕ್ ತೆಗೆದುಕೊಳ್ಳುವ ಸನ್ಮಿತ್ರರ ಪಾದಾರವಿಂದಗಳಿಗೆ,

ಮಂಗಳೂರಿನ ಹಾಲ್‌ಗಳಲ್ಲಿ ಸೌಂಡ್ ಬಾಕ್ಸ್ ಇಳಿಸಿ, ವಯರ್ ಎಳೆದು, ಸ್ಟೇಜಿನ ಬದಿಯ ಕತ್ತಲಲ್ಲಿ ಮಿಕ್ಸರ್ ಮುಂದೆ ಕೂರುವ ಬಡವನ ಸಾಷ್ಟಾಂಗ ನಮಸ್ಕಾರಗಳು. ತಪಸ್ಸುಕಾಲ ಮುಗಿದು ಈಸ್ಟರ್ ಕಳೆಯಿತೆಂದರೆ ಕ್ರೈಸ್ತರ ಮನೆಗಳಲ್ಲಿ ಮದುವೆಗಳು ಸಾಲಾಗಿ ಬರುತ್ತವೆ. ಕುಟುಂಬದ ಹಿರಿಯರು ಟೋಸ್ಟ್ ಹೇಳುತ್ತಿದ್ದ ಮನೆಗಳಲ್ಲೂ ಈಗ ‘ಅವನ ಬೆಂಚ್‌ಮೇಟ್ ಎರಡು ಮಾತಾಡಲಿ’ ಎನ್ನುತ್ತಾರೆ. ಈ ಬದಲಾವಣೆಯಿಂದ ಅತಿ ಹೆಚ್ಚು ಉಪಕೃತನಾದವನು ನಾನು. ಹಾಲ್‌ನಲ್ಲಿ ಉಳಿದವರಿಗೆ ಎದ್ದು ಹೊರಗೆ ಹೋಗುವ ಸ್ವಾತಂತ್ರ್ಯ ಉಂಟು. ನನಗೆ ಮಾತ್ರ ನಿಮ್ಮ ಕೊನೆಯ ಅಕ್ಷರದವರೆಗೂ ಅಲ್ಲೇ ಇರುವ ಭಾಗ್ಯ.

ಮೊದಲಿಗೆ, ನನ್ನ ಮೈಕಿನ ಮೇಲೆ ನೀವಿಟ್ಟಿರುವ ಪ್ರೀತಿಗೆ ಕೃತಜ್ಞತೆಗಳು. ಕೈಗೆ ಬಂದ ಕೂಡಲೇ ಅದರ ತಲೆಗೆ ಎರಡು ತಟ್ಟುತ್ತೀರಿ, ಒಮ್ಮೆ ಊದುತ್ತೀರಿ, ಆಮೇಲೆ ‘ಕೇಳ್ತಾ ಉಂಟಾ?’ ಎಂದು ನನ್ನನ್ನೇ ನೋಡುತ್ತೀರಿ. ಕೇಳುತ್ತಾ ಉಂಟು ಸ್ವಾಮಿ; ಊದಿದ್ದು ಹಾಲ್‌ನ ಹಿಂದಿನ ಸಾಲಿನ ಅಜ್ಜನಿಗೂ ಕೇಳಿತು. ಆಮೇಲೆ ಮೈಕಿನ ಜಾಲರಿಯನ್ನೇ ಅಂಗೈಯಲ್ಲಿ ಮುಚ್ಚಿ, ಟಿವಿಯ ಹಾಡುಗಾರರ ಹಾಗೆ ಹಿಡಿಯುತ್ತೀರಿ. ಎದುರಿನ ಶಬ್ದವನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಹಿಡಿಯುವಂತೆ ಮಾಡಿದ ಮೈಕ್ ಅದು. ಜಾಲರಿಗೆ ಕೈ ಮುಚ್ಚಿದರೆ ಆ ಗುಣ ಹೋಗಿ ಅದು ಎಲ್ಲ ಕಡೆಯ ಶಬ್ದ ಎಳೆಯುತ್ತದೆ. ಆ ಸ್ಥಿತಿಯಲ್ಲಿ ನೀವು ಭಾವುಕರಾಗಿ ಬಾಕ್ಸಿನ ಎದುರಿಗೇ ನಡೆದು ಬರುತ್ತೀರಿ. ಬಾಕ್ಸಿನ ಶಬ್ದ ಮೈಕಿಗೆ, ಮೈಕಿನದು ಮತ್ತೆ ಬಾಕ್ಸಿಗೆ ಸುತ್ತು ಹೊಡೆದು ಕುಂಯ್ ಎಂದು ಬೊಬ್ಬೆ ಏಳುತ್ತದೆ. ಎಲ್ಲರೂ ತಿರುಗಿ ನನ್ನನ್ನು ನೋಡುತ್ತಾರೆ. ಈ ಪ್ರಸಿದ್ಧಿಗಾಗಿ ತಮಗೆ ಋಣಿ. ಸಾಧ್ಯವಾದರೆ ಹಿಡಿಯಲ್ಲೇ ಹಿಡಿದು, ಬಾಯಿಂದ ನಾಲ್ಕು ಬೆರಳು ದೂರ ಇಟ್ಟು, ನಿಂತಲ್ಲೇ ನಿಲ್ಲುವ ಕೃಪೆ ಮಾಡಬೇಕು.

ಅತಿಥಿಗಳ ಕಾಲುಗಳ ಬಗ್ಗೆಯೂ ತಮಗೆ ಬಹಳ ಕಾಳಜಿ. ಕೇಕ್ ಕತ್ತರಿಸಿ ಆಗಿದೆ, ವೈನ್ ಹಂಚಿ ಆಗಿದೆ. ನೀವು ಬಂದವರೇ ‘ಎಲ್ಲರೂ ದಯವಿಟ್ಟು ಎದ್ದು ನಿಂತು ಗ್ಲಾಸ್ ಎತ್ತಿ’ ಎಂದು ಅಪ್ಪಣೆ ಕೊಡುತ್ತೀರಿ. ಎಲ್ಲರೂ ಏಳುತ್ತಾರೆ. ಆಗ ನೀವು ‘ನಾವು ಒಂದನೇ ಕ್ಲಾಸಿನಲ್ಲಿದ್ದಾಗ…’ ಎಂದು ಶುರು ಮಾಡುತ್ತೀರಿ. ಹತ್ತನೇ ಕ್ಲಾಸಿಗೆ ಬರುವಾಗ ಎತ್ತಿದ ಕೈಗಳು ಎದೆಮಟ್ಟಕ್ಕೆ ಇಳಿದಿರುತ್ತವೆ. ಕಾಲೇಜಿಗೆ ಬರುವಾಗ ಮಂಡಿನೋವಿನ ಅಜ್ಜಿಯರು ಕೂತಿರುತ್ತಾರೆ, ಕೆಲವರು ವೈನ್ ಕುಡಿದೇ ಬಿಟ್ಟಿರುತ್ತಾರೆ. ಕೊನೆಗೆ ನೀವು ‘ಮದುಮಗ ಮದುಮಗಳಿಗೆ!’ ಎಂದಾಗ ಖಾಲಿ ಗ್ಲಾಸುಗಳು ಮೇಲೇರುತ್ತವೆ. ಎದ್ದು ನಿಲ್ಲಿ ಎನ್ನುವುದು ಟೋಸ್ಟಿನ ಮೊದಲ ವಾಕ್ಯ ಅಲ್ಲ, ಕೊನೆಯದಕ್ಕೆ ಮುಂಚಿನದು ಎಂದು ನಿಮ್ಮಂಥ ವಿದ್ವಾಂಸರಿಗೆ ಹೇಳುವ ಯೋಗ್ಯತೆ ನನಗಿಲ್ಲ.

‘ಎರಡು ನಿಮಿಷ’ ಎಂಬ ಅಳತೆಯನ್ನು ತಾವು ವಿಶಾಲ ಹೃದಯದಿಂದ ಬಳಸುತ್ತೀರಿ. ನನ್ನದು ಸಣ್ಣ ಲೆಕ್ಕ: ಕನ್ನಡದಲ್ಲಿ ಅವಸರವಿಲ್ಲದೆ, ಜನ ನಗಲು ಜಾಗ ಬಿಟ್ಟು ಮಾತಾಡಿದರೆ ಎರಡು ನಿಮಿಷಕ್ಕೆ ಹಿಡಿಯುವುದು 150ರಿಂದ 180 ಪದ. ನೋಟ್‌ಬುಕ್ಕಿನ ಒಂದು ಪುಟ. ನೀವು ಮೊಬೈಲ್ ತೆಗೆದು ಹೆಬ್ಬೆರಳಿನಿಂದ ಮೇಲೆ ಸರಿಸುತ್ತಾ ಹೋದಾಗಲೇ ನನ್ನ ಎದೆ ಹೊಡೆದುಕೊಳ್ಳುತ್ತದೆ, ಯಾಕೆಂದರೆ ಮೊಬೈಲಿನಲ್ಲಿ ಪುಟಕ್ಕೆ ಕೊನೆ ಎಂಬುದಿಲ್ಲ. ನಡುವೆ ಸ್ಕ್ರೀನ್ ಲಾಕ್ ಆಗಿ, ಪಾಸ್‌ವರ್ಡ್ ಒತ್ತುವಾಗಿನ ಮೌನವನ್ನು ಜನ ಭಾವುಕತೆ ಎಂದು ತಿಳಿದು ಚಪ್ಪಾಳೆ ತಟ್ಟುತ್ತಾರೆ. ಒಂದು ದಪ್ಪ ಕಾರ್ಡಿನಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಂಡು, ಮನೆಯಲ್ಲಿ ಗಡಿಯಾರ ಇಟ್ಟು ಬಾಯಿ ಬಿಟ್ಟು ಓದಿ ನೋಡಿ ಎಂದರೆ ಉದ್ಧಟತನವಾದೀತೇ? ಮನಸ್ಸಿನಲ್ಲಿ ಓದಿದರೆ ಎಲ್ಲ ಭಾಷಣವೂ ಎರಡೇ ನಿಮಿಷ.

ಗುಟ್ಟುಗಳನ್ನು ಬಿಚ್ಚಿಡುವ ತಮ್ಮ ಔದಾರ್ಯಕ್ಕೂ ನಮೋ ನಮಃ. ‘ಮಗಾ, ಆ ಗೋವಾ ಕಥೆ ನೆನಪುಂಟಲ್ಲ?’ ಎಂದು ನೀವು ಕೇಳಿದಾಗ ನಾಲ್ವರು ಬಿದ್ದು ಬಿದ್ದು ನಗುತ್ತಾರೆ, ನಾನೂರು ಜನ ಪರಸ್ಪರ ಮುಖ ನೋಡುತ್ತಾರೆ. ಮದುಮಗನ ಹಳೆಯ ಪ್ರೇಮದ ಸುಳಿವು ಕೊಟ್ಟಾಗ ಮದುಮಗಳ ನಗು ಹಾಗೇ ಇರುತ್ತದೆ, ಕಣ್ಣು ಮಾತ್ರ ನಗುವುದಿಲ್ಲ. ಸ್ಟೇಜಿನ ಬದಿಯಿಂದ ಅದು ನನಗೆ ಚೆನ್ನಾಗಿ ಕಾಣುತ್ತದೆ. ಹಿಂದಿನ ದಿನ ರೋಸ್ ಇರುತ್ತದಲ್ಲ, ಮನೆಯವರೂ ಗೆಳೆಯರೂ ಸೇರಿ ತೆಂಗಿನ ಹಾಲು ಹಚ್ಚುವಾಗ ಅಂಥ ತಮಾಷೆಗೆ ಬೇಕಾದಷ್ಟು ಜಾಗ ಉಂಟು. ರಿಸೆಪ್ಷನ್ನಿಗೆ ಬರುವಾಗ ಒಂದೇ ಪರೀಕ್ಷೆ: ಮುಂದಿನ ಸಾಲಿನಲ್ಲಿ ಕೂತ ಮದುಮಗನ ಅಜ್ಜಿಗೆ ಪಕ್ಕದವರು ಕೊಂಕಣಿಗೆ ತಿರುಗಿಸಿ ಹೇಳಬಹುದಾದ ಕಥೆಯೇ ಅದು? ಅಲ್ಲವಾದರೆ ದಯಮಾಡಿ ಜೇಬಿನಲ್ಲೇ ಇರಲಿ.

ಹೋದ ಸೀಸನ್‌ನಲ್ಲಿ ತಮ್ಮ ಕುಲದವರೊಬ್ಬರು ನನ್ನನ್ನು ಬಹಳ ಕಾಲ ಧನ್ಯನನ್ನಾಗಿಸಿದರು. ಹಾಸ್ಟೆಲಿನ ಕಥೆ ಹೇಳಿದರು. ಅದು ಅರ್ಥವಾಗಲು ವಾರ್ಡನ್ ಪರಿಚಯ ಬೇಕಿತ್ತು. ಗೋವಾ ಕಥೆಯನ್ನು ಫಾದರ್ ಮುಖ ನೋಡಿ ಅರ್ಧಕ್ಕೆ ಬಿಟ್ಟರು. ಕ್ರಿಕೆಟ್ ಕಥೆಯಲ್ಲಿ ಗೆಲ್ಲಿಸಿದ್ದು ಸ್ವತಃ ಅವರೇ. ಮದುಮಗ ಬರೇ ನೀರು ತಂದುಕೊಟ್ಟಿದ್ದ. ಇವುಗಳ ಮಧ್ಯೆ ಎಲ್ಲೋ, ಮದುಮಗ ಎಲ್ಲದಕ್ಕೂ ತಡವಾಗಿ ಬರುವವನು ಎಂಬ ಮಾತು ಬಂತು. ಬಹಳ ಹೊತ್ತಿನ ಮೇಲೆ, ಬೇರೆಲ್ಲೋ, ಮದುಮಗಳನ್ನು ನೋಡಲು ಬೇಗ ಹೋಗಿದ್ದ ಎಂಬ ಮಾತೂ ಬಂತು. ಚಿನ್ನದಂಥ ಎರಡು ತುಂಡುಗಳು! ಅವರು ಒಂದಕ್ಕೊಂದು ಸೇರಿಸಲೇ ಇಲ್ಲ. ನಾನು ವಯರ್ ಸುತ್ತುತ್ತಾ, ನಡುವೆ ಘಾಟಿಯದೊಂದು ಪ್ರಸಂಗ ಕಟ್ಟಿ, ಸೇರಿಸಿ ನೋಡಿದೆ. ತಮ್ಮ ದಿವ್ಯ ಪರಿಶೀಲನೆಗೆ ಅರ್ಪಿಸುತ್ತಿದ್ದೇನೆ:

“ಎಲ್ಲರಿಗೂ ನಮಸ್ಕಾರ. ನಾನು ಒಂದನೇ ಕ್ಲಾಸಿನಿಂದ ಮದುಮಗನ ಜೊತೆ ಒಂದೇ ಬೆಂಚಿನಲ್ಲಿ ಕೂತವ. ಕೂತವ ಅಂದರೆ, ಮೊದಲ ಪೀರಿಯಡ್‌ನಲ್ಲಿ ನಾನೊಬ್ಬನೇ ಕೂತಿರ್ತಿದ್ದೆ. ಇವ ಬರ್ತಿದ್ದದ್ದು ಎರಡನೇ ಪೀರಿಯಡ್‌ಗೆ. ಬಸ್ಸಿಗೆ ಲೇಟು, ಪರೀಕ್ಷೆಗೆ ಲೇಟು, ಇಗರ್ಜಿಗೂ ಲೇಟು. ಫಾದರ್ ಇಲ್ಲೇ ಇದ್ದಾರೆ, ಅವರೇ ಸಾಕ್ಷಿ.

ಒಂದು ಮಳೆಗಾಲದ ರಾತ್ರಿ ಚಾರ್ಮಾಡಿ ಘಾಟಿಯಲ್ಲಿ ನನ್ನ ಬೈಕ್ ಕೈಕೊಟ್ಟಿತು. ಇವನಿಗೆ ಫೋನ್ ಮಾಡಿದೆ. ‘ಈಗ ಬಂದೆ’ ಅಂದ. ಇವನ ‘ಈಗ’ ಅಂದರೆ ಏನು ಅಂತ ನಿಮಗೆ ಗೊತ್ತಾಯ್ತಲ್ಲ. ಬೆಳಗಾಗುವಾಗ ಬಂದ. ಆದರೆ ಬಂದ. ಒಂದು ಫ್ಲಾಸ್ಕ್ ಚಾ, ಒಂದು ಒಣ ಶರ್ಟು, ನಿದ್ದೆಯಿಂದ ಎಬ್ಬಿಸಿ ತಂದ ಒಬ್ಬ ಮೆಕ್ಯಾನಿಕ್. ಯಾಕೆ ತಡ ಅಂತ ಆವತ್ತು ನಾನು ಕೇಳಲಿಲ್ಲ.

ಆಮೇಲೆ ಒಂದು ದಿನ, ‘ಸಂಜೆ ಐದಕ್ಕೆ ಐಸ್‌ಕ್ರೀಮ್ ಪಾರ್ಲರಿನಲ್ಲಿ ಒಬ್ಬರನ್ನು ನೋಡ್ಲಿಕ್ಕುಂಟು’ ಅಂದ. ನಾನು ನಾಲ್ಕೂವರೆಗೆ ಅದೇ ದಾರಿಯಲ್ಲಿ ಹೋಗ್ತಾ ನೋಡಿದರೆ, ಇವ ಆಗಲೇ ಅಲ್ಲಿ ಕೂತಿದ್ದಾನೆ! ಶರ್ಟಿಗೆ ಇಸ್ತ್ರಿ ಬೇರೆ. ಇದು ಸಣ್ಣ ವಿಷಯ ಅಲ್ಲ ಅಂತ ನನಗೆ ಆಗಲೇ ಗೊತ್ತಾಯ್ತು.

(ಇಲ್ಲಿ ಮದುಮಗಳ ಹೆಸರು), ನಾವೆಲ್ಲ ಇಷ್ಟು ವರ್ಷದಲ್ಲಿ ಮಾಡ್ಲಿಕ್ಕಾಗದ್ದನ್ನು ನೀವು ಒಂದೇ ಸಂಜೆಯಲ್ಲಿ ಮಾಡಿದಿರಿ. ಒಂದು ಮಾತು ಹೇಳ್ತೇನೆ. ಹಾಲು ತರ್ಲಿಕ್ಕೆ ಕಳಿಸಿದರೆ ಇವ ತಡ ಮಾಡಬಹುದು. ಕಷ್ಟದಲ್ಲಿ ಕರೆದರೆ ಬಾರದೆ ಇರುವವ ಅಲ್ಲ.

ಈಗ ಎಲ್ಲರೂ ಎದ್ದು ನಿಂತು ಗ್ಲಾಸ್ ಎತ್ತಿ. ಮದುಮಗ ಮದುಮಗಳಿಗೆ!”

ಇಷ್ಟೇ. ತಮ್ಮ ಭಾಷಣದ ಗಾಂಭೀರ್ಯ ಇದಕ್ಕಿಲ್ಲ ಎಂಬುದು ನಿಜ. ಇದರಲ್ಲಿ ನೀವು ಯಾರೆಂದು ಒಂದೇ ವಾಕ್ಯ ಉಂಟು, ತಮ್ಮ ಈಗಿನ ಉದ್ಯೋಗ, ಕಂಪನಿ, ಬಡ್ತಿ ಯಾವುದೂ ಇಲ್ಲ. ಗೆಳೆಯನ ಒಂದೇ ಒಂದು ದೋಷ ಹಿಡಿದುಕೊಂಡಿದೆ. ಅದೂ ಅವನಿಗೇ ನಗು ಬರುವಂಥದ್ದು, ಮಾವನ ಮನೆಯವರು ಚಿಂತೆ ಮಾಡುವಂಥದ್ದಲ್ಲ. ಕುಡಿತ, ಸಾಲ, ಸಿಟ್ಟು ಇಂಥವನ್ನು ಹಿಡಿದಿದ್ದರೆ ಕಥೆ ಎಷ್ಟು ಚೆನ್ನಾಗಿ ತಿರುಗಿದರೂ ಜನರ ತಲೆಯಲ್ಲಿ ಉಳಿಯುವುದು ಆ ದೋಷವೇ. ಘಾಟಿಯ ಪ್ರಸಂಗದಲ್ಲಿ ಅದೇ ದೋಷ ಸ್ವಲ್ಪ ಮೆದುವಾಯಿತು, ಪಾರ್ಲರಿನಲ್ಲಿ ಮದುಮಗಳ ಎದುರು ಸೋತಿತು. ಹಾಗಾಗಿ ಅವರ ಹೆಸರು ಕೊನೆಗೆ ನೆನಪಾಗಿ ಅಂಟಿಸಿದ್ದಾಗದೆ, ಕಥೆಯೇ ಅವರಲ್ಲಿಗೆ ಬಂದು ನಿಲ್ಲುತ್ತದೆ. ತಮ್ಮ ಗೆಳೆಯ ಸಮಯಕ್ಕೆ ಸರಿಯಾಗಿ ಬರುವವರಾದರೆ ಇದನ್ನು ಹಾಗೇ ಓದಬಾರದಾಗಿ ವಿನಂತಿ. ಅವರದೇ ಒಂದು ದೋಷ ಇರುತ್ತದೆ, ತಮ್ಮಷ್ಟು ಬಲ್ಲವರು ಬೇರೆ ಯಾರಿದ್ದಾರೆ? ಹೆಸರಿನ ಜಾಗ ಖಾಲಿ ಬಿಟ್ಟದ್ದೂ ಗೌರವದಿಂದಲೇ. ಇನ್‌ವಿಟೇಶನ್ ಕಾರ್ಡ್ ನೋಡಿ, ಅದರಲ್ಲಿರುವ ಹಾಗೇ ಬರೆದುಕೊಳ್ಳಿ. ಬೇರೆ ಹೆಸರು ಬಾಯಿಗೆ ಬಂದರೆ ಅದನ್ನು ಮಿಕ್ಸರಿನಲ್ಲಿ ಸರಿ ಮಾಡುವ ಬಟನ್ ನನ್ನಲ್ಲಿಲ್ಲ.

ಕೊನೆಯದಾಗಿ, ಧೈರ್ಯಕ್ಕೆಂದು ತಾವು ಟೋಸ್ಟಿಗೆ ಮೊದಲೇ ಹಾಲ್‌ನ ಹಿಂದೆ ಹೋಗಿ ಬರುವ ಪದ್ಧತಿಯ ಬಗ್ಗೆ. ಆ ಧೈರ್ಯ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ: ಮುಗಿದ ಕಥೆ ಮತ್ತೊಮ್ಮೆ ಶುರುವಾಗುತ್ತದೆ, ‘ಇನ್ನೊಂದೇ ಒಂದು’ ಎನ್ನುವುದು ಮೂರು ಸಲ ಬರುತ್ತದೆ. ಅಷ್ಟರಲ್ಲಿ ಬಡಿಸುವ ಹುಡುಗರು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿರುತ್ತಾರೆ, ಸನ್ನ ಆರಿರುತ್ತದೆ, ಎಂಸಿ ಮೈಕಿಗಾಗಿ ಕೈ ಚಾಚಿ ನಿಂತಿರುತ್ತಾರೆ. ಚಾಚಿದ ಆ ಕೈಯನ್ನು ತಾವು ಪ್ರೀತಿಯಿಂದ ಕುಲುಕುತ್ತೀರಿ. ಟೋಸ್ಟ್ ಆದ ಮೇಲೆ ಎಷ್ಟು ಬೇಕಾದರೂ ಧೈರ್ಯ ತೆಗೆದುಕೊಳ್ಳಿ ಎಂಬುದು ನನ್ನ ಮನದಾಳದ ಹಾರೈಕೆ.

ತಮ್ಮ ಸ್ನೇಹ ನೂರು ವರ್ಷ ಬಾಳಲಿ, ಭಾಷಣ ಎರಡು ನಿಮಿಷ ಬಾಳಲಿ.

ಇಂತಿ ತಮ್ಮ ವಿಧೇಯ,
ಮೈಕ್ ಸೆಟ್ಟಿನವ

ವಿ. ಸೂ.: ಮೂರನೇ ನಿಮಿಷಕ್ಕೆ ಮೈಕ್ ತನ್ನಷ್ಟಕ್ಕೆ ಸಣ್ಣಗಾಗುತ್ತಾ ಹೋದರೆ ಬ್ಯಾಟರಿ ಹೋಯಿತೆಂದು ಗಾಬರಿಯಾಗಬೇಡಿ. ಬ್ಯಾಟರಿ ಹೊಸತು. ಫೇಡರಿನ ಮೇಲೆ ನನ್ನ ಬೆರಳು ಉಂಟು.