ಐನೂರು ರೂಪಾಯಿಯ ಸಂತಸ

ಸಂಬಳ ಹೆಚ್ಚಿಸುವ ಪತ್ರ ಬರೆಯುವುದು ಸುಲಭ. ಕೆಲಸದಿಂದ ತೆಗೆಯುವ ಪತ್ರವೂ ಅಂಥ ಕಷ್ಟವಲ್ಲ, ಅದನ್ನು ವಕೀಲರೇ ಬರೆದುಕೊಡುತ್ತಾರೆ. ಕಷ್ಟ ಇರುವುದು ಇಂಟರ್ನ್‌ಗಳ ಸ್ಟೈಪೆಂಡನ್ನು ಒಂದು ಕೈಯಲ್ಲಿ ಏರಿಸಿ, ಇನ್ನೊಂದು ಕೈಯಲ್ಲಿ ಏನನ್ನೋ ಕಿತ್ತುಕೊಂಡು, ಅಷ್ಟಾದರೂ ಹುಡುಗರ ಉತ್ಸಾಹ ಕುಗ್ಗಬಾರದು ಎನ್ನುವ ಪತ್ರದಲ್ಲಿ. ಬೆಂಗಳೂರಿನ ಒಂದು ಕಂಪನಿಯ ಎಚ್‌ಆರ್ ವಿಭಾಗದಲ್ಲಿರುವ ನನ್ನ ಪಾಲಿಗೆ ಬರುವುದು ಇಂಥವೇ.

ಈ ಸಲ ಸ್ಟೈಪೆಂಡ್ ತಿಂಗಳಿಗೆ 12,000ದಿಂದ 14,000 ರೂಪಾಯಿಗೆ ಏರಿತ್ತು. ಜೊತೆಗೆ ತಿಂಗಳಿಗೆ 1,500 ರೂಪಾಯಿಯ ಊಟದ ಕೂಪನ್ ನಿಂತಿತ್ತು. ಮೇಲಿನವರು ಕರಡು ಕಳಿಸಿದ್ದರು. ಮೊದಲ ಪ್ಯಾರಾದಲ್ಲಿ ಕಂಪನಿ ಬೆಳೆದುಬಂದ ಹಾದಿ, ಎರಡನೆಯದರಲ್ಲಿ ‘ನಾವೆಲ್ಲ ಒಂದೇ ಕುಟುಂಬ’, ಮೂರನೆಯದರಲ್ಲಿ ‘ಸುಮಾರು ಶೇ. 17ರಷ್ಟು ಏರಿಕೆ ಎಂದು ತಿಳಿಸಲು ಸಂತಸಪಡುತ್ತೇವೆ’. ಕೂಪನ್ ಸುದ್ದಿ ಕೊನೆಯಲ್ಲಿ, ‘ಇತರೆ’ ಎಂಬ ತಲೆಬರಹದ ಕೆಳಗೆ, ಸಣ್ಣ ಅಕ್ಷರದಲ್ಲಿ ಮುದುಡಿ ಕೂತಿತ್ತು.

ಪಿ.ಜಿ.ಯಲ್ಲಿ ಬಾಡಿಗೆ ಕಟ್ಟಿ, ಉಳಿದದ್ದರಲ್ಲಿ ತಿಂಗಳು ತಳ್ಳುವ ಹುಡುಗರಿಗೆ ಇದು ಅರ್ಥವಾಗುವುದಿಲ್ಲವೆ? ಅವರು ಪತ್ರವನ್ನು ಮೇಲಿನಿಂದ ಓದುವುದೇ ಇಲ್ಲ. ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಸರ್ರನೆ ತಳ್ಳಿ ಅಂಕಿ ಕಂಡಲ್ಲಿ ನಿಲ್ಲುತ್ತಾರೆ. ಮೊದಲು ಸ್ಟೈಪೆಂಡ್ ಮತ್ತು ಕೂಪನ್ ಸೇರಿ 13,500, ಈಗ 14,000. ಏರಿಕೆ ಐನೂರು, ಅಂದರೆ ಶೇ. 4ಕ್ಕೂ ಕಡಿಮೆ. ಈ ಲೆಕ್ಕ ಮಾಡಲು ಅವರಿಗೆ ಲಿಫ್ಟ್ ಕೆಳಗಿಳಿಯುವಷ್ಟು ಹೊತ್ತು ಸಾಕು. ಏರಿದ್ದು ಐನೂರೇ ಎಂದು ಅವರು ಬೇಜಾರಾಗುವುದಕ್ಕಿಂತ, ಅದನ್ನು ಶೇ. 17 ಎಂದವರ ಮೇಲೆ ಬೇಜಾರಾಗುವುದು ಹೆಚ್ಚು. ಆಮೇಲೆ ‘ಒಂದೇ ಕುಟುಂಬ’ ಎಂಬ ಮಾತು ಕ್ಯಾಂಟೀನಿನ ಜೋಕಾಗುತ್ತದೆ.

ಇನ್ನು ತಿಂಗಳ ಸಂಗತಿ. ಕರಡಿನಲ್ಲಿ ‘ಜುಲೈನಿಂದ ಅನ್ವಯ’ ಎಂದಷ್ಟೇ ಇತ್ತು. ನಮ್ಮಲ್ಲಿ ಒಂದು ತಿಂಗಳ ಸ್ಟೈಪೆಂಡ್ ಮುಂದಿನ ತಿಂಗಳ 7ಕ್ಕೆ ಖಾತೆಗೆ ಬೀಳುತ್ತದೆ. ಜುಲೈ 7ರಂದು ಬರುವುದು ಜೂನ್ ತಿಂಗಳದ್ದು, ಹಳೆಯ 12,000. ಹೊಸ ಮೊತ್ತ ಕಣ್ಣಿಗೆ ಬೀಳುವುದು ಆಗಸ್ಟ್ 7ರಂದು. ಇದನ್ನು ಬಿಡಿಸಿ ಹೇಳದಿದ್ದರೆ ಜುಲೈ 8ರ ಬೆಳಿಗ್ಗೆ ನನ್ನ ಮೇಜಿನ ಮುಂದೆ ಕ್ಯೂ ಖಚಿತ: “ಮೇಡಂ, ಹೆಚ್ಚಾಗಿದೆ ಅಂದ್ರಲ್ಲ, ಎಲ್ಲಿ?”

ತಿಂಗಳ ಮಧ್ಯೆ ಸೇರುವವರದು ಬೇರೆ ಪ್ರಶ್ನೆ. ಜುಲೈ 16ಕ್ಕೆ ಸೇರಿದ ಹುಡುಗಿಗೆ 31 ದಿನಗಳಲ್ಲಿ 16 ದಿನದ್ದು ಸಿಗುತ್ತದೆ, ಅಂದರೆ 7,226 ರೂಪಾಯಿ. ಇಂಥದೊಂದು ಉದಾಹರಣೆ ಪತ್ರದಲ್ಲೇ ಇದ್ದರೆ ಇಪ್ಪತ್ತು ಇಮೇಲ್ ಉಳಿಯುತ್ತವೆ. ಅಪ್ರೆಂಟಿಸ್‌ಗಳು ಈ ಪತ್ರಕ್ಕೆ ಸೇರುವುದಿಲ್ಲ ಎಂಬುದನ್ನೂ ಬರೆಯಬೇಕು. ಅವರ ಕನಿಷ್ಠ ಸ್ಟೈಪೆಂಡ್ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸರ್ಕಾರ ಗೊತ್ತುಮಾಡುವಂಥದ್ದು. ಪಕ್ಕದ ಕುರ್ಚಿಯಲ್ಲೇ ಕೂತರೂ ಅವರ ಲೆಕ್ಕ ಬೇರೆ.

ಹಾಗಾಗಿ ನಾನು ಬರೆದದ್ದು ಇಷ್ಟು:

“ಜುಲೈ 1ರಿಂದ ಇಂಟರ್ನ್‌ಗಳ ಸ್ಟೈಪೆಂಡ್ ತಿಂಗಳಿಗೆ 12,000ದ ಬದಲು 14,000 ರೂಪಾಯಿ. ಅಂದಿನಿಂದ 1,500 ರೂಪಾಯಿಯ ಊಟದ ಕೂಪನ್ ಇರುವುದಿಲ್ಲ. ಎರಡೂ ಸೇರಿ ನಿಮಗೆ ಆಗುವ ಹೆಚ್ಚಳ 500 ರೂಪಾಯಿ. ಕೂಪನ್ ಎರಡೇ ಹೋಟೆಲಿನಲ್ಲಿ ನಡೆಯುತ್ತಿತ್ತು. ಈ ಹಣ ಎಲ್ಲಿ ಬೇಕಾದರೂ ನಡೆಯುತ್ತದೆ. ಜುಲೈ ತಿಂಗಳ ಹೊಸ ಮೊತ್ತ ಆಗಸ್ಟ್ 7ರಂದು ಖಾತೆಗೆ ಬರುತ್ತದೆ. ಜುಲೈ 7ರಂದು ಬರುವುದು ಜೂನ್ ತಿಂಗಳದ್ದು. ಆಫರ್ ಲೆಟರಿನ ಉಳಿದ ಷರತ್ತುಗಳು ಹಾಗೇ ಇರುತ್ತವೆ. ಅಪ್ರೆಂಟಿಸ್‌ಗಳಿಗೆ ಇದು ಅನ್ವಯಿಸುವುದಿಲ್ಲ.”

ಕೆಳಗೆ ಜುಲೈ 16ರ ಲೆಕ್ಕ, ಕೇಳಬೇಕಾದವರ ಹೆಸರು, ಅವರ ಎಕ್ಸ್‌ಟೆನ್ಷನ್ ನಂಬರ್.

ಮೇಲಿನವರು ಓದಿ ಕನ್ನಡಕ ಹಣೆಗೇರಿಸಿದರು. “ಐನೂರು ಅಂತ ನಾವೇ ಯಾಕಮ್ಮ ಹೇಳಬೇಕು?”

“ನಾವು ಹೇಳದಿದ್ದರೆ ಅವರೇ ಹೇಳ್ತಾರೆ ಸರ್, ವಾಟ್ಸ್ಯಾಪ್ ಗ್ರೂಪಿನಲ್ಲಿ. ಅಲ್ಲಿ ಹೋಟೆಲಿನ ಸಾಲು ಇರಲ್ಲ, ಬೇರೆ ಸಾಲುಗಳು ಇರ್ತವೆ.”

ಅವರು ಇನ್ನೊಮ್ಮೆ ಮೇಲಿಂದ ಕೆಳಗೆ ಬೆರಳಿಟ್ಟು ಹುಡುಕಿದರು. “ಅದು ಸರಿ, ಸಂತಸಪಡುತ್ತೇವೆ ಅನ್ನೋದು ಎಲ್ಲೂ ಇಲ್ಲವಲ್ಲ?”

“ಅದು ಆಗಸ್ಟ್ 7ಕ್ಕೆ ಬರುತ್ತೆ ಸರ್, ಖಾತೆಗೆ.”