ಮೋಟಾರ್ ಆನ್ ಮಾಡ್...

ಕುಂದಲಹಳ್ಳಿಯ ಒಂದು ಅಪಾರ್ಟ್‌ಮೆಂಟ್. ಪ್ಲಂಬರನ ವಾಯ್ಸ್ ನೋಟಿಗೆ ತುರ್ತು ಸಭೆ.

“ಸಾರ್, ಸಂಪಿನ ಫುಟ್‌ವಾಲ್ವ್ ಬಿಚ್ಚಿದ್ದೆ, ಸಾಯಂಕಾಲ ಮೋಟಾರ್ ಆನ್ ಮಾಡ್...”

ಖಜಾಂಚಿ: ‘ಮಾಡಿ’ ಅಂತಾನೇ ಸಾರ್. ದನಿಯಲ್ಲಿ ವಿಶ್ವಾಸ ಇದೆ.

ಕಾರ್ಯದರ್ಶಿ: ‘ಮಾಡ್ಬೇಡಿ’ ಅನ್ನೋದಕ್ಕೂ ವಿಶ್ವಾಸ ಬೇಕಲ್ಲ?

ಖಜಾಂಚಿ: ನೆಟ್‌ವರ್ಕ್ ನುಂಗಿರಬೇಕು. ಇನ್ನೊಂದ್ಸಲ ಡೌನ್‌ಲೋಡ್ ಮಾಡೋಣ.

ಕಾರ್ಯದರ್ಶಿ: ಏಳು ಸೆಕೆಂಡ್ ಅಂತ ತೋರಿಸ್ತಿದೆ, ಏಳೂ ಕೇಳಿದ್ವಿ. ಅವನೇ ಮೈಕ್‌ನಿಂದ ಬೆರಳು ಎತ್ತಿದಾನೆ. ಎತ್ತಿದ ಕ್ಷಣವೇ ನೋಟ್ ಹೊರಟುಬಿಡುತ್ತೆ. ಮೇಲಕ್ಕೆ ಎಳೆದು ಲಾಕ್ ಮಾಡಿದ್ರೆ ಪೂರ್ತಿ ಬರ್ತಿತ್ತು.

ಖಜಾಂಚಿ: ಹಾಗಾದ್ರೆ ನಮಗೆ ಗೊತ್ತಾಗಿದ್ದೇನು?

ಕಾರ್ಯದರ್ಶಿ: ವಾಲ್ವ್ ಬಿಚ್ಚಿದ್ದ, ಅಷ್ಟೇ. ವಾಪಸ್ ಹಾಕಿದಾನೋ ಗೊತ್ತಿಲ್ಲ. ಹಾಕದಿದ್ರೆ ಪೈಪಿನ ನೀರು ಸಂಪಿಗೇ ಇಳಿದುಹೋಗಿ, ಪಂಪ್ ನೀರಿಲ್ಲದೇ ತಿರುಗಿ ಸೀಲ್ ಸುಟ್ಟುಹೋಗುತ್ತೆ.

ಖಜಾಂಚಿ: ಆನ್ ಮಾಡದಿದ್ರೆ?

ಕಾರ್ಯದರ್ಶಿ: ಒಂದು ಹೊತ್ತು ಟ್ಯಾಂಕ್ ಖಾಲಿ. ನಿವಾಸಿಗಳು ಬೈತಾರೆ. ಬೈಗುಳಕ್ಕೆ ರಿಪೇರಿ ಖರ್ಚಿಲ್ಲ. ಅವನಿಗೇ ಫೋನ್ ಮಾಡಿ.

ಖಜಾಂಚಿ: ಮಾಡಿದೆ ಸಾರ್. “ಬಿಜಿ ಇದೀನಿ, ವಾಯ್ಸ್ ನೋಟ್ ಕಳಿಸ್ತೀನಿ” ಅಂದ.